ಅಪ್‌ಡೇಟ್: ಪಂಪ್ ಮೋಟಾರಿನ ಬೇರಿಂಗ್ ಪದೇ ಪದೇ ಕೆಡುತ್ತಿದ್ದುದರ ಮೂಲ ಕಾರಣ ಸಿಕ್ಕಿದೆ

ನನ್ನ ಪ್ರಶ್ನೆ: “ಕೂಲಿಂಗ್ ವಾಟರ್ ಪಂಪಿನ ಮೋಟಾರಿಗೆ ಹಾಕಿದ ಹೊಸ ಬೇರಿಂಗ್ ಕೆಲವೇ ತಿಂಗಳಲ್ಲಿ ಕೆಡುತ್ತಿದೆ. ಐದು ‘ಏಕೆ’ಗಳ ವರದಿ ಪ್ರತಿ ಸಲವೂ ‘ಗ್ರೀಸ್ ಸಾಲದು’ ಎಂಬಲ್ಲಿಗೇ ನಿಲ್ಲುತ್ತಿದೆ. ಇನ್ನೇನು ನೋಡಬೇಕು?”

ಗ್ರೀಸ್ ಬದಲಿಸಿದ್ದರಿಂದ ಪ್ರಯೋಜನವಾಗಲಿಲ್ಲ. ಲೇಸರ್ ಅಲೈನ್‌ಮೆಂಟ್‌ನಲ್ಲಿ ದೋಷ ಕಾಣಲಿಲ್ಲ. ಫಲ ಕೊಟ್ಟದ್ದು, ಫಿಶ್‌ಬೋನ್ ಚಿತ್ರದ ಪ್ರತಿ ಕವಲಿಗೂ ಸಾಕ್ಷ್ಯ ಕೇಳಿ, ಕೆಟ್ಟ ಬೇರಿಂಗನ್ನು ಕತ್ತರಿಸಿ ನೋಡಿ ಎಂದ ಸದಸ್ಯರೊಬ್ಬರ ಸಲಹೆ. ಹಾಗೆ ಕತ್ತರಿಸಿದಾಗ ಹೊರ ರೇಸಿನ ಒಳಮೈಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಗೀರುಗಳಂತೆ ಒತ್ತೊತ್ತಾದ ಅಡ್ಡಗೆರೆಗಳು ಕಂಡವು. ನಿಂತ ಯಂತ್ರಕ್ಕೆ ಕಂಪನ ತಗುಲಿ ಆಗುವ ಗುರುತುಗಳು ಗುಂಡುಗಳ ನಡುವಿನ ಅಂತರದಲ್ಲೇ ಇರುತ್ತವೆ. ಇವು ಅದಕ್ಕಿಂತ ಬಹಳ ಹತ್ತಿರವಿದ್ದುದರಿಂದ, ಬೇರಿಂಗಿನ ಮೂಲಕ ವಿದ್ಯುತ್ ಹರಿದಿದೆ ಎಂಬುದು ಸ್ಪಷ್ಟವಾಯಿತು.

ಅಲ್ಲಿಂದ ‘ಏಕೆ’ಗಳನ್ನು ಹೊಸದಾಗಿ ಕೇಳಿದೆವು. ಗೆರೆಗಳಿಗೆ ಕಾರಣ ಶಾಫ್ಟಿನಲ್ಲಿ ಸೇರಿದ ವೋಲ್ಟೇಜು ಗ್ರೀಸಿನ ತೆಳು ಪದರವನ್ನು ಭೇದಿಸಿ ಹಾರಿದ ಕಿಡಿ. ಆ ವೋಲ್ಟೇಜಿಗೆ ಕಾರಣ ವೇಗ ನಿಯಂತ್ರಣಕ್ಕೆಂದು ಆಮೇಲೆ ಅಳವಡಿಸಿದ ವಿಎಫ್‌ಡಿಯ ಕ್ಷಿಪ್ರ ಸ್ವಿಚಿಂಗ್. ರಕ್ಷಣೆ ಇಲ್ಲದಿರಲು ಕಾರಣ, ಬದಲಾವಣೆಯ ಅನುಮೋದನೆ ನಮೂನೆಯಲ್ಲಿ ಬೇರಿಂಗಿನ ಪ್ರಶ್ನೆಯೇ ಇಲ್ಲದಿದ್ದುದು. ಗ್ರೀಸ್ ಕಪ್ಪಾದದ್ದು ಕಿಡಿಗಳ ಪರಿಣಾಮವಾಗಿತ್ತು.

ಈಗ ಪಂಪಿನ ಕಡೆಗೆ ಶಾಫ್ಟ್ ಗ್ರೌಂಡಿಂಗ್ ರಿಂಗ್, ಇನ್ನೊಂದು ತುದಿಗೆ ಇನ್ಸುಲೇಟೆಡ್ ಬೇರಿಂಗ್ ಹಾಕಿದ್ದೇವೆ. ಆಸಿಲೋಸ್ಕೋಪಿನಲ್ಲಿ ಶಾಫ್ಟ್ ವೋಲ್ಟೇಜು ಇಳಿದಿರುವುದು ಕಾಣುತ್ತಿದೆ. ಬೇರಿಂಗಿನ ಬಾಳಿಕೆಯನ್ನು ಇನ್ನೂ ಕಾದು ನೋಡಬೇಕು.