ಸಹಾಯ ಬೇಕು: ಒಂದೇ ಕ್ಯಾಪ್ಶನ್, ಆಡಿಯೋದಲ್ಲಿ ಮಾತ್ರ ಟೈಮ್‌ಸ್ಟ್ಯಾಂಪ್ ತಪ್ಪುತ್ತಿದೆ

ಎಲ್ಲರಿಗೂ ನಮಸ್ಕಾರ. ನಾಳೆ ನಮ್ಮ ಪಾಡ್‌ಕಾಸ್ಟ್‌ನ ಹೊಸ ಎಪಿಸೋಡ್ ಬಿಡಬೇಕು. ಅತಿಥಿ ಜೇನು ಸಾಕುವವರು. ಪರಿಚಯ ಎರಡೇ ಸಾಲು: ಏನು ಮಾಡುತ್ತಾರೆ, ಈ ಸಲ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ಪದವಿ, ಪ್ರಶಸ್ತಿಯೆಲ್ಲ ಕೆಳಗೆ ಹಾಕಿದ್ದೇನೆ, 'ಇನ್ನಷ್ಟು' ಒತ್ತುವ ಮೊದಲು ಕಾಣುವುದೇ ಅಷ್ಟು ತಾನೆ.

ತೊಂದರೆ ಇರುವುದು ಟೈಮ್‌ಸ್ಟ್ಯಾಂಪ್‌ನಲ್ಲಿ. ಯೂಟ್ಯೂಬ್‌ನಲ್ಲಿ ಸರಿಯಾಗಿದೆ: 00:00ರಿಂದ ಶುರು, ಕನಿಷ್ಠ ಮೂರು ಸಾಲು, ಪ್ರತಿ ಭಾಗ 10 ಸೆಕೆಂಡಿಗಿಂತ ಕಡಿಮೆಯಿಲ್ಲ.

00:00 ಪರಿಚಯ
04:10 ಗೂಡು ಬಿಟ್ಟು ಹೋಗುವುದೇಕೆ
22:30 ಕಲಬೆರಕೆ ಜೇನು

ಆದರೆ ಆಡಿಯೋ ಹೋಸ್ಟ್ ಶುರುವಿಗೆ 40 ಸೆಕೆಂಡ್, 18ನೇ ನಿಮಿಷಕ್ಕೆ 30 ಸೆಕೆಂಡ್ ಜಾಹೀರಾತು ಸೇರಿಸುತ್ತದೆ. ಆಗ 04:10 ಹೋಗಿ 04:50 ಆಗುತ್ತದೆ, 22:30 ಹೋಗಿ 23:40. ಕೇಳುಗರಿಂದ ಕೇಳುಗರಿಗೆ ಜಾಹೀರಾತು ಬದಲಾಗುವುದರಿಂದ 40 ಕೂಡಿಸಿ ಬರೆದರೂ ಪ್ರಯೋಜನವಿಲ್ಲ.

ಜಾಹೀರಾತನ್ನೆಲ್ಲ ಕೊನೆಗೆ ತಳ್ಳಿದರೆ ಸರಿಹೋಗುತ್ತದೆ, ಆದರೆ ಅಲ್ಲಿವರೆಗೆ ಕೇಳುವವರು ಕಡಿಮೆ. ಆಡಿಯೋಗೆ ಸಮಯವಿಲ್ಲದೆ ವಿಷಯಗಳನ್ನಷ್ಟೇ ಬರೆದು, ಯೂಟ್ಯೂಬ್‌ಗೆ ಬೇರೆ ಕ್ಯಾಪ್ಶನ್ ಹಾಕುವವರು ಇದ್ದೀರಾ? ಇನ್ನೊಂದು: ಇನ್‌ಸ್ಟಾಗ್ರಾಂ ಕ್ಯಾಪ್ಶನ್‌ನಲ್ಲಿ ಲಿಂಕ್ ಒತ್ತಲು ಬರುವುದಿಲ್ಲ. ಬಯೋದಲ್ಲಿ ಎಲ್ಲ ಆಪ್‌ಗಳಿಗೂ ಸೇರಿ ಒಂದೇ ಲಿಂಕ್ ಕೊಡುವುದೋ, ಬೇರೆಬೇರೆಯೋ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.