ತಲೆಗೆ ಪೆಟ್ಟು, ಹತ್ತಿರದ ಗಡುವು, ಕಳುಹಿಸದ ಈಮೇಲ್

ಓದುಗರೊಬ್ಬರ ಸಮಸ್ಯೆ

ನಾನು ಕೊನೆಯ ವರ್ಷದ ವಿದ್ಯಾರ್ಥಿನಿ. ಮಾರ್ಚ್ 3ರಂದು ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾಯಿತು. ಸ್ಕ್ಯಾನ್ ನಾರ್ಮಲ್ ಬಂತು. ಡಾಕ್ಟರು "ಕನ್ಕಷನ್ ಆಗಿದೆ, ಅಂದರೆ ಪೆಟ್ಟಿನಿಂದ ಮಿದುಳು ಅಲುಗಿದೆ, ಕೆಲವು ವಾರ ಹುಷಾರಾಗಿರಿ" ಎಂದರು. ಪ್ರಬಂಧ ಒಪ್ಪಿಸಲು ಮಾರ್ಚ್ 31 ಕೊನೆಯ ದಿನ. ಇವತ್ತು 12. ಎರಡು ಅಧ್ಯಾಯ ಬಾಕಿ ಇವೆ. 20 ನಿಮಿಷ ಲ್ಯಾಪ್‌ಟಾಪ್ ನೋಡಿದರೆ ತಲೆ ಸಿಡಿಯುತ್ತದೆ, ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತೇನೆ. ಗೈಡ್ ಮೇಡಂಗೆ ಬರೆದ ಈಮೇಲ್ ಎರಡು ಪುಟ ಆಗಿ ನಾಲ್ಕು ದಿನದಿಂದ ಡ್ರಾಫ್ಟಿನಲ್ಲೇ ಕೂತಿದೆ. ಹೊರಗೆ ಗಾಯವೇ ಕಾಣುವುದಿಲ್ಲ. ನೆಪ ಅಂದುಕೊಂಡರೆ? ಒಂದು ವಾರ ಕೇಳಿದರೆ ಸಾಕಾ?

ಒಂದು ವಾರ ಕೇಳಿ ಕೆಟ್ಟವನು ನಾನು

ನನಗೂ ಕೊನೆಯ ವರ್ಷದಲ್ಲೇ ಇದು ಆಗಿತ್ತು. ಆಟದಲ್ಲಿ ಇನ್ನೊಬ್ಬನ ಮೊಣಕೈ ತಲೆಗೆ ಬಡಿದಿತ್ತು. ಜಾಸ್ತಿ ಕೇಳಿದರೆ ದುರಾಸೆ ಅನ್ನಿಸುತ್ತದೆ ಎಂದು ಸಂಕೋಚಪಟ್ಟು ಒಂದೇ ವಾರ ಕೇಳಿದೆ. ಸಿಕ್ಕಿತು. ಸಿಕ್ಕ ಸಂಭ್ರಮದಲ್ಲಿ ಮೊದಲ ದಿನವೇ ಐದು ಗಂಟೆ ಕೂತು ಬರೆದೆ. ಮರುದಿನ ಬೆಳಕು ಕಂಡರೆ ವಾಕರಿಕೆ. ಎರಡು ದಿನ ಪರದೆ ಎಳೆದುಕೊಂಡು ಮಲಗಿದೆ. ಆ ವಾರ ಹಾಗೇ ಹೋಯಿತು. ಮತ್ತೆ ಒಂದು ವಾರ ಕೇಳಿದೆ, ಆಮೇಲೆ ನಾಲ್ಕು ದಿನ. ಮೂರನೇ ಸಲ ಕೇಳುವಾಗ ಗೈಡ್ ಮುಖದಲ್ಲಿ ಬಂದ ಭಾವ ನನಗಿನ್ನೂ ನೆನಪಿದೆ. ಅವರು ಕೆಟ್ಟವರಲ್ಲ. ಮೂರು ಸಲ ಕೇಳಿದರೆ ನಿಜವಾದ ಕಾರಣವೂ ನೆಪದ ಹಾಗೆ ಕಾಣುತ್ತದೆ, ಅಷ್ಟೇ.

ತಂಗಿ, ನನ್ನ ತಪ್ಪು ಎಲ್ಲಿತ್ತು ಗೊತ್ತಾ? ಹಾಸಿಗೆಯಲ್ಲಿ ಕಳೆದ ದಿನಗಳನ್ನು ಮಾತ್ರ ಎಣಿಸಿದ್ದೆ. ಎದ್ದ ಮೇಲೂ ದಿನಕ್ಕೆ ಒಂದೇ ಗಂಟೆ ಕೆಲಸ ಸಾಗುತ್ತದೆ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

*— ಹಳೆಯ ವಿದ್ಯಾರ್ಥಿ*

ಸ್ಕ್ಯಾನ್ ನಾರ್ಮಲ್ ಅಂದರೆ ಏನು

ನಾನು ವೈದ್ಯೆ. ನಿಮ್ಮ ಭಯದ ಬೇರು "ಸ್ಕ್ಯಾನ್ ನಾರ್ಮಲ್" ಅನ್ನುವ ಮಾತಿನಲ್ಲಿದೆ ಅನ್ನಿಸಿತು. ಪೆಟ್ಟು ಬಿದ್ದಾಗ ಸಿಟಿ ಸ್ಕ್ಯಾನ್ ಮಾಡಿಸುವುದು ಮುಖ್ಯವಾಗಿ ಒಳಗೆ ರಕ್ತಸ್ರಾವ ಆಗಿದೆಯಾ, ಬುರುಡೆ ಬಿರುಕು ಬಿಟ್ಟಿದೆಯಾ ಎಂದು ನೋಡಲು. ಕನ್ಕಷನ್ನಿನಲ್ಲಿ ಕೆಡುವುದು ಮಿದುಳು ಕೆಲಸ ಮಾಡುವ ರೀತಿ. ಅದು ಸಾಮಾನ್ಯವಾಗಿ ಈ ಚಿತ್ರದಲ್ಲಿ ಕಾಣುವುದಿಲ್ಲ. ಆದ್ದರಿಂದ ಕನ್ಕಷನ್ ಆದವರಲ್ಲಿ ಸ್ಕ್ಯಾನ್ ನಾರ್ಮಲ್ ಬರುವುದೇ ಸಾಮಾನ್ಯ. ಈಮೇಲಿನಲ್ಲಿ "ಸ್ಕ್ಯಾನ್ ನಾರ್ಮಲ್ ಇದ್ದರೂ" ಎಂದು ತಪ್ಪಿತಸ್ಥರ ಹಾಗೆ ಬರೆಯಬೇಡಿ. ಸ್ಕ್ಯಾನಿನ ಸುದ್ದಿಯೇ ಅಲ್ಲಿ ಬೇಡ.

ಮೊದಲ ಒಂದೆರಡು ದಿನ ವಿಶ್ರಾಂತಿ ಬೇಕು, ಪರದೆ ಆದಷ್ಟು ಕಡಿಮೆ ನೋಡಬೇಕು. ಅದಾದ ಮೇಲೆ ಕತ್ತಲ ಕೋಣೆಯಲ್ಲಿ ಸುಮ್ನೆ ಮಲಗಿದರೆ ಚೇತರಿಕೆ ಬೇಗ ಆಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಕೆಲಸಕ್ಕೆ ಮರಳಬೇಕು. ಆರಂಭದಲ್ಲಿ ಒಂದು ಸಲಕ್ಕೆ 5ರಿಂದ 15 ನಿಮಿಷ ಓದು, ಆಮೇಲೆ ನಿಧಾನವಾಗಿ ಜಾಸ್ತಿ. ತಲೆನೋವಿಗೆ 0ರಿಂದ 10ರವರೆಗೆ ಅಂಕ ಕೊಡಿ. ಕೆಲಸ ಶುರು ಮಾಡುವಾಗ 2 ಇದ್ದದ್ದು 4ರವರೆಗೆ ಏರಿ, ಒಂದು ಗಂಟೆಯೊಳಗೆ ಇಳಿದರೆ ಪರವಾಗಿಲ್ಲ. ಅದಕ್ಕಿಂತ ಏರಿದರೆ, ಅಥವಾ ಇಳಿಯದೇ ಕೂತರೆ, ಅವತ್ತಿನ ಪಾಲು ಜಾಸ್ತಿ ಆಯಿತು ಎಂದರ್ಥ. ಈ ಅಂಕಗಳನ್ನು ದಿನವೂ ಒಂದು ಚೀಟಿಯಲ್ಲಿ ಬರೆದಿಡಿ. ನಿಮ್ಮ ಡಾಕ್ಟರಿಗೂ ಬೇಕಾಗುತ್ತದೆ, ಗಡುವಿನ ಲೆಕ್ಕಕ್ಕೂ ಬೇಕಾಗುತ್ತದೆ.

ಹೆಚ್ಚಿನವರು ನಾಲ್ಕು ವಾರದೊಳಗೆ ಸರಿಹೋಗುತ್ತಾರೆ. ಕೆಲವರಿಗೆ ಇನ್ನೂ ತಡವಾಗುತ್ತದೆ, ಯಾರಿಗೆ ಎಂದು ಮೊದಲೇ ಹೇಳಲು ಆಗುವುದಿಲ್ಲ.

ಸರ್ಟಿಫಿಕೇಟ್ ಕೇಳುವಾಗ ಒಂದು ಮಾತು ನೆನಪಿರಲಿ. "ಕನ್ಕಷನ್ ಆಗಿದೆ, ವಿಶ್ರಾಂತಿ ಸೂಚಿಸಲಾಗಿದೆ" ಎಂಬ ಒಂದು ಸಾಲಿನ ಚೀಟಿ ಕಾಲೇಜಿಗೆ ಏನನ್ನೂ ಹೇಳುವುದಿಲ್ಲ. ಪೆಟ್ಟಾದ ದಿನ, ಪರೀಕ್ಷಿಸಿದ ದಿನ, ಈಗ ಎಷ್ಟು ಹೊತ್ತು ಓದಬಲ್ಲಿರಿ, ಈ ಮಿತಿ ಯಾವ ದಿನದವರೆಗೆ, ಮತ್ತೆ ಯಾವಾಗ ನೋಡುತ್ತಾರೆ, ಇಷ್ಟನ್ನು ಬರೆಸಿಕೊಳ್ಳಿ. ಪೂರ್ತಿ ಫೈಲು ಕೊಡುವ ಅಗತ್ಯ ಇಲ್ಲ.

ಇದರ ನಡುವೆ ತಲೆನೋವು ಏರುತ್ತಲೇ ಹೋದರೆ, ಪದೇ ಪದೇ ವಾಂತಿ ಆದರೆ, ಮಾತು ತೊದಲಿದರೆ, ಕೈಕಾಲಿನ ಬಲ ಕುಗ್ಗಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳಲಾಗದಷ್ಟು ಮಂಪರು ಕವಿದರೆ, ಪ್ರಬಂಧ ಪಕ್ಕಕ್ಕಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

*— ಒಬ್ಬ ವೈದ್ಯೆ*

ಈಮೇಲ್ ಓದುವ ಕಡೆಯಿಂದ

ಇಪ್ಪತ್ತು ವರ್ಷದಿಂದ ನಾನು ಗೈಡ್. ಇಂಥ ಈಮೇಲುಗಳನ್ನು ತುಂಬಾ ಓದಿದ್ದೇನೆ. ಎರಡು ಪುಟದ್ದನ್ನು ನಿಜ ಹೇಳಬೇಕೆಂದರೆ ಪೂರ್ತಿ ಓದುವುದಿಲ್ಲ. ಕ್ಷಮೆ, ಬಿದ್ದ ಕಥೆ, ಮತ್ತೆ ಕ್ಷಮೆ, ಮನೆಯವರ ಗಾಬರಿ, ಕೊನೆಗೆ "ದಯವಿಟ್ಟು ಸ್ವಲ್ಪ ಸಮಯ ಕೊಡಿ". ಸ್ವಲ್ಪ ಅಂದರೆ ಎಷ್ಟು? ಆ ಸಂಖ್ಯೆಯನ್ನು ನಾನೇ ಊಹಿಸಬೇಕು. ನೆಪ ಅನ್ನಿಸುವುದು ಗಾಯ ಕಾಣದೇ ಇರುವುದರಿಂದ ಅಲ್ಲಮ್ಮ, ದಿನಾಂಕ ಕಾಣದೇ ಇರುವುದರಿಂದ.

ಹಾಗಾದರೆ ಎಷ್ಟು ದಿನ ಕೇಳಬೇಕು? ಮೊದಲು ಬಾಕಿ ಕೆಲಸವನ್ನು ಗಂಟೆಗಳಲ್ಲಿ ಬರೆದುಕೊಳ್ಳಿ. ನಿಮ್ಮ ಅಧ್ಯಾಯಗಳ ಒಳಗು ನನಗೆ ಗೊತ್ತಿಲ್ಲ, ಉದಾಹರಣೆಗೆ ಇಟ್ಟುಕೊಳ್ಳೋಣ: ಫಲಿತಾಂಶದ ಅಧ್ಯಾಯಕ್ಕೆ 30 ಗಂಟೆ, ಕೊನೆಯ ಅಧ್ಯಾಯಕ್ಕೆ 15, ತಿದ್ದುಪಡಿ ಮತ್ತು ಆಕರಪಟ್ಟಿಗೆ 15. ಒಟ್ಟು 60. ಆರೋಗ್ಯವಾಗಿದ್ದಾಗ ದಿನಕ್ಕೆ ನಾಲ್ಕು ಗಂಟೆ ಬರೆಯುತ್ತಿದ್ದರೆ 15 ದಿನದ ಕೆಲಸ. ಮಾರ್ಚ್ 31ಕ್ಕೆ ಇನ್ನೂ 19 ದಿನ ಇದೆ. ಮೇಲ್ನೋಟಕ್ಕೆ ಗಡುವು ಮುಂದೂಡುವುದೇ ಬೇಡ ಅನ್ನಿಸುತ್ತದೆ, ಅಲ್ವಾ? ಮೋಸ ಹೋಗುವುದು ಇಲ್ಲೇ.

ಈಗ ನೀವು ಒಂದು ಸಲಕ್ಕೆ 20 ನಿಮಿಷ ಕೂರಬಲ್ಲಿರಿ. ದಿನಕ್ಕೆ ಮೂರು ಸಲ ಕೂತರೆ ಒಂದು ಗಂಟೆ. ವಾರದಲ್ಲಿ ಒಂದು ದಿನ ಪೂರ್ತಿ ಬಿಡುವು ಇಡಿ. ಮೊದಲ ವಾರ 6 ಗಂಟೆ ಆಯಿತು. ಎರಡನೇ ವಾರ ದಿನಕ್ಕೆ ಎರಡು ಗಂಟೆಯಾದರೆ 12. ಮೂರನೇ ವಾರ ದಿನಕ್ಕೆ ಮೂರಾದರೆ 18. ಮೂರು ವಾರ ಕಳೆದರೂ ಆಗಿದ್ದು 36 ಗಂಟೆ. ಉಳಿದ 24 ಗಂಟೆಗೆ, ಹಳೆಯ ವೇಗ ಮರಳಿ ಬಂದಿತು ಅಂದುಕೊಂಡರೂ, ಇನ್ನೊಂದು ವಾರ ಬೇಕು. ಅಂದರೆ ಏಪ್ರಿಲ್ 9. ನಡುವೆ ತಲೆನೋವು ಕೆರಳಿ ನಾಲ್ಕೈದು ದಿನ ಹೋಗಬಹುದು, ಹಳೆಯ ವಿದ್ಯಾರ್ಥಿಗೆ ಆದ ಹಾಗೆ. ಅದಕ್ಕೆ ಐದು ದಿನ ಸೇರಿಸಿ, ಏಪ್ರಿಲ್ 14 ಎಂದು ಕೇಳಿ. ಎರಡು ವಾರ. ಒಂದು ವಾರ ಕೇಳಿದ್ದರೆ, ಎಲ್ಲವೂ ನೆಟ್ಟಗೆ ನಡೆದರೂ ಎರಡು ದಿನ ಸಾಲುತ್ತಿರಲಿಲ್ಲ.

ನಿಮ್ಮ ಗಂಟೆಗಳು ಬೇರೆ ಇರಬಹುದು, ಕಳುಹಿಸುವ ದಿನಕ್ಕೆ ತಕ್ಕಂತೆ ಲೆಕ್ಕ ತಿದ್ದಿಕೊಳ್ಳಿ. ನನಗೆ ಇಷ್ಟು ಬಂದರೆ ಸಾಕು:

> ವಿಷಯ: ಪ್ರಬಂಧದ ಗಡುವನ್ನು ಏಪ್ರಿಲ್ 14ಕ್ಕೆ ಮುಂದೂಡಲು ಮನವಿ (ಆರೋಗ್ಯದ ಕಾರಣ)
>
> ಮೇಡಂ,
>
> ಮಾರ್ಚ್ 3ರಂದು ಬಿದ್ದು ತಲೆಗೆ ಪೆಟ್ಟಾಗಿ ನನಗೆ ಕನ್ಕಷನ್ ಆಗಿದೆ. ಈಗ ಒಂದು ಸಲಕ್ಕೆ ಸುಮಾರು 20 ನಿಮಿಷ, ದಿನಕ್ಕೆ ಒಟ್ಟು ಒಂದು ಗಂಟೆ ಮಾತ್ರ ಓದಿ ಬರೆಯಲು ಆಗುತ್ತಿದೆ. ವೈದ್ಯರ ಪತ್ರ ಲಗತ್ತಿಸಿದ್ದೇನೆ.
>
> ಮೊದಲ ಮೂರು ಅಧ್ಯಾಯ ಮುಗಿದಿವೆ. ಫಲಿತಾಂಶ ಮತ್ತು ಕೊನೆಯ ಅಧ್ಯಾಯ ಬಾಕಿ ಇವೆ. ಈ ವೇಗದಲ್ಲಿ ಮಾರ್ಚ್ 31ಕ್ಕೆ ಮುಗಿಯುವುದಿಲ್ಲ. ಏಪ್ರಿಲ್ 14ರವರೆಗೆ ಸಮಯ ಕೇಳುತ್ತಿದ್ದೇನೆ. ಫಲಿತಾಂಶದ ಅಧ್ಯಾಯವನ್ನು ಏಪ್ರಿಲ್ 2ಕ್ಕೆ ನಿಮಗೆ ಕಳುಹಿಸುತ್ತೇನೆ.
>
> ಮಾರ್ಚ್ 24ಕ್ಕೆ ಮತ್ತೆ ವೈದ್ಯರನ್ನು ಕಾಣಬೇಕಿದೆ. ಚೇತರಿಕೆ ನಿಧಾನ ಎಂದರೆ ಅವತ್ತೇ ತಿಳಿಸುತ್ತೇನೆ.
>
> ಅನುಮತಿಯನ್ನು ನೀವೇ ಕೊಡಬಹುದೇ, ಅಥವಾ ವಿಭಾಗಕ್ಕೆ ಅರ್ಜಿ ಹಾಕಬೇಕೇ ಎಂದು ತಿಳಿಸಿ.

ಬಿದ್ದದ್ದು ಹೇಗೆ ಎಂಬ ಕಥೆ ಇದರಲ್ಲಿಲ್ಲ. ಕ್ಷಮೆಯೂ ಇಲ್ಲ. ಬಿದ್ದದ್ದಕ್ಕೆ ಯಾರಾದರೂ ಕ್ಷಮೆ ಕೇಳುತ್ತಾರಾ? 24ನೇ ತಾರೀಖಿನ ಸಾಲನ್ನು ಮಾತ್ರ ಬಿಡಬೇಡಿ. ಅವತ್ತಿಗೂ ನೀವು ದಿನಕ್ಕೆ ಒಂದೇ ಗಂಟೆಯಲ್ಲಿ ನಿಂತಿದ್ದರೆ ಏಪ್ರಿಲ್ 14 ಕೂಡ ಸಾಲದು, ಅದು ನಿಮಗೂ ನನಗೂ ಆ ಗಡುವಿಗೆ ಮೂರು ವಾರ ಮೊದಲೇ ಗೊತ್ತಾಗುತ್ತದೆ. ಆಗ ಎರಡನೇ ಸಲ ಕೇಳಿದರೂ ಮುಖ ಸಿಂಡರಿಸುವ ಪ್ರಶ್ನೆ ಬರುವುದಿಲ್ಲ.

*— ಒಬ್ಬ ಗೈಡ್*

ಫೋನ್ ಮಾಡಬಾರದಾ?

ಪರದೆ ನೋಡಿದರೆ ತಲೆನೋವು ಬರುವ ಹುಡುಗಿ ನಾಲ್ಕು ದಿನದಿಂದ ಈಮೇಲ್ ತಿದ್ದುತ್ತಿದ್ದಾಳೆ! ಎರಡು ನಿಮಿಷ ಫೋನಿನಲ್ಲಿ ಹೇಳಿಬಿಡಿ. ಆಮೇಲೆ ಮೇಲಿನ ಈಮೇಲನ್ನು ನೀವು ಹೇಳುತ್ತಾ ಹೋಗಿ, ಗೆಳತಿ ಟೈಪ್ ಮಾಡಲಿ.

*— ಒಬ್ಬ ತಾಯಿ*

ಆಫೀಸಿನ ಮಾತು

ಮೇಲಿನವರು ಫೋನ್ ಅಂದಿದ್ದಾರೆ. ಮಾಡಿ, ಆದರೆ ಅವತ್ತೇ ಈಮೇಲೂ ಹೋಗಲಿ. ನಾನು ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದವನು. ಫೋನಿನಲ್ಲಿ "ಆಯ್ತು ಬಿಡಮ್ಮ" ಅಂದದ್ದು ನಮ್ಮ ಫೈಲಿಗೆ ಬರುವುದಿಲ್ಲ. ಎಷ್ಟೋ ಕಡೆ ಗೈಡ್ ಶಿಫಾರಸು ಮಾಡಬಹುದು ಅಷ್ಟೇ, ಗಡುವು ಬದಲಿಸುವವರು ಬೇರೆ. ಅದಕ್ಕೆ ಬೇರೆ ಫಾರಂ ಇರುತ್ತದೆ. ಫಾರಂ ಎಲ್ಲಿ, ಯಾರ ಸಹಿ ಬೇಕು ಎಂದು ಈಗಲೇ ಕೇಳಿ. ಗಡುವಿಗೆ ಮೊದಲು ಬಂದ ಅರ್ಜಿ ಒಂದು ಸಹಿಯಲ್ಲಿ ಮುಗಿಯಬಹುದು. ಗಡುವು ದಾಟಿ ಬಂದರೆ ತಡ ಯಾಕಾಯಿತು ಎಂದು ಇನ್ನೊಂದು ವಿವರಣೆ ಬರೆಯಬೇಕಾಗುತ್ತದೆ.

ಇನ್ನೂ ಒಂದು ಪ್ರಶ್ನೆ ಇದೆ, ಯಾರೂ ಕೇಳುವುದಿಲ್ಲ. ಏಪ್ರಿಲ್ 14ಕ್ಕೆ ಕೊಟ್ಟರೆ ವೈವಾ ಯಾವಾಗ? ನಿಮ್ಮ ಹೆಸರು ಈ ಸಲದ ಫಲಿತಾಂಶದ ಪಟ್ಟಿಯಲ್ಲೇ ಇರುತ್ತದಾ, ಮುಂದಿನದಕ್ಕೆ ಹೋಗುತ್ತದಾ? ಕೆಲಸಕ್ಕೋ ಮುಂದಿನ ಓದಿಗೋ ಅರ್ಜಿ ಹಾಕಿದ್ದರೆ ಈ ಉತ್ತರ ಬರಹದಲ್ಲೇ ಇರಲಿ.

ಗೆಳತಿ ಟೈಪ್ ಮಾಡುವುದು ಈಮೇಲಿಗೆ ಸರಿ. ಪ್ರಬಂಧವನ್ನೂ ಹಾಗೇ ಹೇಳಿ ಬರೆಸುವುದಾದರೆ ಮೊದಲು ಗೈಡ್ ಹತ್ತಿರ ಒಪ್ಪಿಗೆ ತೆಗೆದುಕೊಳ್ಳಿ. ಬರೆದವರು ಯಾರು ಎಂಬ ಪ್ರಶ್ನೆ ವೈವಾ ಮೇಜಿನ ಮೇಲೆ ಏಳಬಾರದು.

*— ಪರೀಕ್ಷಾ ವಿಭಾಗದ ನಿವೃತ್ತ ನೌಕರ*