ಮುಳ್ಳು ತಿರುಗಿಸದೆ ಗಡಿಯಾರದ ಲೆಕ್ಕ: ನೀವು ಹೇಗೆ ಹೇಳಿಕೊಟ್ಟಿರಿ?

ಕೇಳಿದವರು, ಆರನೇ ಕ್ಲಾಸ್ ಹುಡುಗಿಯ ಅಮ್ಮ: ಈಗ 9 ಗಂಟೆ, 50 ಗಂಟೆ ಆದಮೇಲೆ ಮುಳ್ಳು ಎಲ್ಲಿರುತ್ತೆ ಅಂದ್ರೆ ಮಗಳು ಒಂದೊಂದೇ ಎಣಿಸ್ತಾಳೆ. ಹಿಂದಕ್ಕೆ ಹೋಗೋ ಲೆಕ್ಕ ಬಂದ್ರೆ ಸುಮ್ನೆ ಕೂತುಬಿಡ್ತಾಳೆ. ಸುಲಭ ದಾರಿ ಇದೆಯಾ?

ಒಬ್ಬ ಅಪ್ಪ: ಕೂಡಿಸಿ, 12 ದಾಟಿದರೆ 12 ಕಳೆಯಿರಿ. ಅಷ್ಟೇ. 9ಕ್ಕೆ 5 ಸೇರಿಸಿದರೆ 14, ಅಂದರೆ 2 ಗಂಟೆ.

ಗಣಿತದ ಮೇಡಂ: ಚಿಕ್ಕ ಲೆಕ್ಕಕ್ಕೆ ಅದು ಸರಿ ಸರ್. ಆದರೆ 9 ಮತ್ತು 50 ಸೇರಿದರೆ 59. ಒಮ್ಮೆ 12 ಕಳೆದರೆ ಇನ್ನೂ 47 ಉಳಿಯುತ್ತದೆ. ನಾನು ಮೊದಲು 50ನ್ನೇ ಚಿಕ್ಕದು ಮಾಡಿಸುತ್ತೇನೆ. 48 ಗಂಟೆಯಲ್ಲಿ ಮುಳ್ಳು ನಾಲ್ಕು ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಉಳಿದದ್ದು 2. ಹಾಗಾಗಿ 11 ಗಂಟೆ.

ಮಗಳು 10 ಅಂದರೆ, 9ನ್ನೇ ಒಂದು ಅಂತ ಎಣಿಸಿದ್ದಾಳೆ ಅಂತ ತಿಳಿಯಿರಿ. ಅಂಕಿಗಳನ್ನಲ್ಲ, ನಡುವಿನ ಜಿಗಿತಗಳನ್ನು ಎಣಿಸಬೇಕು.

ಹಿಂದಕ್ಕೂ ಹೀಗೇ. ಈಗ 5 ಗಂಟೆ, 20 ಗಂಟೆ ಹಿಂದೆ ಎಷ್ಟಾಗಿತ್ತು? 20ರಲ್ಲಿ ಒಂದು ಸುತ್ತು ತೆಗೆದರೆ 8. 5ರಲ್ಲಿ 8 ಹೋಗುವುದಿಲ್ಲ, ಆದ್ದರಿಂದ 5ಕ್ಕೆ ಒಂದು ಸುತ್ತು ಸೇರಿಸಿ: 17ರಲ್ಲಿ 8 ಹೋದರೆ 9. ಎಂಟು ಹಿಂದೆ ಹೋಗುವುದೂ ನಾಲ್ಕು ಮುಂದೆ ಹೋಗುವುದೂ ಒಂದೇ ಜಾಗಕ್ಕೆ ಅಲ್ವಾ? ಅದು ಹೊಳೆದರೆ ಕಳೆಯುವ ಭಯವೇ ಹೋಗುತ್ತದೆ.

ಔಷಧಿ ಕೊಡುವ ಮಗ: ನನ್ನ ಪ್ರಶ್ನೆ ಬೇರೆ. ಅಮ್ಮನಿಗೆ 8 ಗಂಟೆಗೊಮ್ಮೆ ಮಾತ್ರೆ. 6, 2, 10, ಮತ್ತೆ 6. ಬೇರೆ ಗಂಟೆ ಬರುವುದೇ ಇಲ್ಲ. ಯಾಕೆ?

ಗಣಿತದ ಮೇಡಂ: ಬೇರೆ ಅಲ್ಲ, ಇದೇ ಲೆಕ್ಕ. 8ನ್ನೂ 12ನ್ನೂ 4 ಭಾಗಿಸುತ್ತದೆ. ಅದಕ್ಕೇ ಪ್ರತಿ ಹೆಜ್ಜೆಯೂ ನಾಲ್ಕರ ಅಂತರದ ಜಾಗಗಳಲ್ಲೇ ಬೀಳುತ್ತದೆ, ಅಂಥವು ಮೂರೇ ಇರುವುದು. ಸುಮ್ನೆ ಲೆಕ್ಕಕ್ಕೆ ಅಂತ 5 ಗಂಟೆಗೊಮ್ಮೆ ಹೋಗಿ ನೋಡಿ: 12, 5, 10, 3, 8, 1, 6, 11, 4, 9, 2, 7. ಹನ್ನೆರಡೂ ಬಂದವು! ಯಾಕೆಂದರೆ 5ನ್ನೂ 12ನ್ನೂ ಒಟ್ಟಿಗೆ ಭಾಗಿಸುವುದು 1 ಮಾತ್ರ. ಮಗಳಿಂದ ಇದನ್ನು ಕಾಗದದ ಮೇಲೆ ಗೆರೆ ಎಳೆಸಿ, ಚೆಂದದ ನಕ್ಷತ್ರ ಬರುತ್ತದೆ.

ಒಬ್ಬ ಅಪ್ಪ: ಒಪ್ಪಿದೆ ಮೇಡಂ. ಆದರೆ 7ಕ್ಕೆ 5 ಸೇರಿಸಿ ಭಾಗಿಸಿದರೆ ಶೇಷ 0. ಗಡಿಯಾರದಲ್ಲಿ 0 ಎಲ್ಲಿದೆ?

ಗಣಿತದ ಮೇಡಂ: 12ರ ಜಾಗವೇ 0. ನಾನು ಅಲ್ಲಿ 0 ಬರೆದ ಚೀಟಿ ಅಂಟಿಸುತ್ತೇನೆ. ಬೆಳಗ್ಗೆಯೋ ರಾತ್ರಿಯೋ ಅನ್ನುವುದಕ್ಕೂ ಅದು ಸಹಾಯ. ಬೆಳಗ್ಗೆ 9ಕ್ಕೆ 40 ಗಂಟೆ ಸೇರಿಸಿದರೆ 49, ಅಂದರೆ ನಾಲ್ಕು ಸುತ್ತು, ಶೇಷ 1. ಸುತ್ತು ಸಮಸಂಖ್ಯೆ, ಆದ್ದರಿಂದ ಹೊರಟಂತೆ ಎ.ಎಂ., ರಾತ್ರಿ 1 ಗಂಟೆ. ಬೆಸವಾಗಿದ್ದರೆ ಪಿ.ಎಂ. ಆಗುತ್ತಿತ್ತು.

ಪ್ರೈಮರಿ ಟೀಚರ್: ಚೀಟಿ ಬೇಡ ಅನ್ನುತ್ತೇನೆ. ಮನೆಯ ಗಡಿಯಾರದಲ್ಲಿ 12 ನೋಡಿ ನಮ್ಮ ಮಕ್ಕಳು ಇನ್ನೂ ಗೊಂದಲಪಟ್ಟರು. ಶೇಷ 0 ಬಂದರೆ 12 ಅಂತ ಓದು ಅಂದರೆ ಸಾಕು.

ಕೇಳಿದವರು: ಚೀಟಿ ವಿಷಯ ಅವಳನ್ನೇ ಕೇಳ್ತೀನಿ. ಮೊದಲು ನಕ್ಷತ್ರ ಬರೆಸ್ತೀನಿ. 7 ಗಂಟೆಗೊಮ್ಮೆ ಹೋದ್ರೂ ಅದೇ ನಕ್ಷತ್ರ ಬರುತ್ತಾ?